ಓದಿದವರೇ ತಪ್ಪು ಮಾಡುವ ಪ್ರಶ್ನೆ

ಆಗಸ್ಟ್ ತಿಂಗಳ ಭಾನುವಾರ. ವಿರಾಜಪೇಟೆಯ ಮಳೆ ಗೊತ್ತಲ್ಲ, ಬೆಳಗ್ಗೆ ಹಿಡಿದದ್ದು ಮಧ್ಯಾಹ್ನ ಆದರೂ ಬಿಟ್ಟಿರಲಿಲ್ಲ. ಕರೆಂಟ್ ಹೋಗಿ ಎರಡು ಗಂಟೆ ಆಗಿತ್ತು. ನಮ್ಮ ಮನೆಯ ಮುಂದಿನ ಜಗಲಿಯಲ್ಲಿ ಐದು ಜನ ಕೂತು ನಾನು ಕೊಟ್ಟ ಮಾದರಿ ಪತ್ರಿಕೆ ಬರೆಯುತ್ತಿದ್ದರು. ಕೆ-ಸೆಟ್‌ಗೆ, ಅಂದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ಓದುತ್ತಿರುವವರು. ಕಾಲೇಜಿನಲ್ಲಿ ನನ್ನ ಹತ್ತಿರ ಸಮಾಜಶಾಸ್ತ್ರ ಕಲಿತವರು ಮೂವರು, ರಾಜ್ಯಶಾಸ್ತ್ರದವರು ಇಬ್ಬರು. ಫೀಸು ಅಂತ ಏನೂ ಇಲ್ಲ. ಬರುವಾಗ ಯಾರಾದರೂ ಬಿಸ್ಕತ್ತು ತರುತ್ತಾರೆ, ಕಾಫಿ ನಮ್ಮ ಮನೆಯದು.

ಪತ್ರಿಕೆ ತಿದ್ದುವಾಗ ಒಂದು ವಿಚಿತ್ರ ಕಂಡಿತು. ಒಂದು ಹೊಂದಿಸಿ ಬರೆಯುವ ಪ್ರಶ್ನೆಗೆ ನಾಲ್ಕು ಜನ ಸರಿ ಉತ್ತರ ಹಾಕಿದ್ದರು. ತಪ್ಪು ಹಾಕಿದವಳು ಒಬ್ಬಳೇ, ಪೊನ್ನಂಪೇಟೆ ಕಡೆಯ ಹುಡುಗಿ. ಐವರಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಕೊಡಗಿನ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದವಳೂ ಅವಳೊಬ್ಬಳೇ.

ಪ್ರಶ್ನೆ ಹೀಗಿತ್ತು. ಮೊದಲ ಪಟ್ಟಿಯಲ್ಲಿ ಚಿಂತಕರು: ಎ) ಎಂ. ಎನ್. ಶ್ರೀನಿವಾಸ್, ಬಿ) ಮೆಕಿಮ್ ಮ್ಯಾರಿಯಟ್, ಸಿ) ರಾಬರ್ಟ್ ರೆಡ್‌ಫೀಲ್ಡ್, ಡಿ) ಲೂಯಿ ಡ್ಯೂಮೊ. ಎರಡನೇ ಪಟ್ಟಿಯಲ್ಲಿ ಪರಿಕಲ್ಪನೆಗಳು: 1) ಶುದ್ಧ–ಅಶುದ್ಧಗಳ ವಿರೋಧ, 2) ಪ್ರಬಲ ಜಾತಿ, 3) ಜಾನಪದ–ನಗರ ಸಾತತ್ಯ, 4) ಪೆರೋಕಿಯಲೈಸೇಷನ್. ಕೆಳಗೆ ನಾಲ್ಕು ಆಯ್ಕೆಗಳು:

ಒಂದು: ಎ-2, ಬಿ-4, ಸಿ-3, ಡಿ-1
ಎರಡು: ಎ-1, ಬಿ-4, ಸಿ-3, ಡಿ-2
ಮೂರು: ಎ-2, ಬಿ-3, ಸಿ-4, ಡಿ-1
ನಾಲ್ಕು: ಎ-4, ಬಿ-2, ಸಿ-3, ಡಿ-1

ಸರಿ ಉತ್ತರ ಒಂದನೆಯದು. ಅವಳು ಎರಡನೆಯದಕ್ಕೆ ಗುರುತು ಹಾಕಿದ್ದಳು.

"ಸರ್, ಶ್ರೀನಿವಾಸ್ ಅವರ ಪುಸ್ತಕದ ತುಂಬಾ ಮಡಿ, ಪೊಲೆ ಅಂತಲೇ ಇದೆ. ಅದು ಶುದ್ಧ–ಅಶುದ್ಧ ಅಲ್ವಾ?" ಅಂದಳು.

ಅವಳು ಹೇಳಿದ್ದು ನಿಜ. 1952ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ಆ ಪುಸ್ತಕ ದಕ್ಷಿಣ ಭಾರತದ ಕೊಡಗರ ಧರ್ಮ ಮತ್ತು ಸಮಾಜದ ಬಗ್ಗೆ. ಹೆರಿಗೆ, ಸಾವು, ಮದುವೆ, ಮುಟ್ಟು, ಹಬ್ಬ, ಇವುಗಳಲ್ಲಿ ಯಾವಾಗ ಮಡಿ, ಯಾವಾಗ ಪೊಲೆ, ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟುತ್ತಾರೆ ಅನ್ನುವುದನ್ನು ಶ್ರೀನಿವಾಸ್ ಬಿಡಿಸಿ ಬಿಡಿಸಿ ಬರೆಯುತ್ತಾರೆ. ಡ್ಯೂಮೊ ಅವರ ಜಾತಿ ಕುರಿತ ದೊಡ್ಡ ಪುಸ್ತಕ ಬಂದದ್ದು 1966ರಲ್ಲಿ, ಹದಿನಾಲ್ಕು ವರ್ಷ ಆಮೇಲೆ. ಹಾಗಿದ್ದರೂ ಪತ್ರಿಕೆಯಲ್ಲಿ ಶುದ್ಧ–ಅಶುದ್ಧ ಬಂದರೆ ಅದು ಡ್ಯೂಮೊ ಲೆಕ್ಕಕ್ಕೆ ಹೋಗುತ್ತದೆ. ಏಕೆಂದರೆ ಶ್ರೀನಿವಾಸ್‌ಗೆ ಅದು ಒಂದು ಸಮುದಾಯದ ಆಚರಣೆಯನ್ನು ಅರ್ಥ ಮಾಡಿಕೊಳ್ಳುವ ದಾರಿ. ಡ್ಯೂಮೊಗೆ ಅದೇ ಇಡೀ ಜಾತಿ ವ್ಯವಸ್ಥೆ ನಿಂತಿರುವ ತಳಪಾಯ. ಶ್ರೇಣಿ, ಪ್ರತ್ಯೇಕತೆ, ಕಸುಬಿನ ಹಂಚಿಕೆ ಎಂಬ ಮೂರು ಲಕ್ಷಣಗಳನ್ನು ಅವರಿಗಿಂತ ಹಿಂದೆಯೇ ಫ್ರಾನ್ಸಿನ ಬೂಗ್ಲೆ ಹೇಳಿದ್ದರು. ಆ ಮೂರನ್ನೂ ಒಂದೇ ವಿರೋಧದಿಂದ ವಿವರಿಸಬಹುದು ಅಂತ ವಾದಿಸಿದ್ದು ಡ್ಯೂಮೊ. ಪರೀಕ್ಷೆ ಕೇಳುವುದು ಈ ವಾದದ ಹಕ್ಕುದಾರ ಯಾರು ಅಂತ. ವಿಷಯವನ್ನು ಯಾರು ಯಾರು ಮುಟ್ಟಿದ್ದಾರೆ ಅಂತಲ್ಲ.

ಇದನ್ನು ಹೇಳಿದ ಮೇಲೆ ಅವಳಿಗೆ ಸಮಾಧಾನ ಆಯಿತೋ ಇಲ್ಲವೋ ಗೊತ್ತಿಲ್ಲ. ನನಗಂತೂ ಆಗಲಿಲ್ಲ. ಪುಸ್ತಕ ಓದದೆ ಗೈಡ್‌ನ ಎರಡು ಕಾಲಂ ಪಟ್ಟಿ ಬಾಯಿಪಾಠ ಮಾಡಿದವರಿಗೆ ಎರಡು ಅಂಕ, ಓದಿದವಳಿಗೆ ಸೊನ್ನೆ. ಆದರೆ ಯೋಚಿಸುತ್ತಾ ಹೋದ ಹಾಗೆ ಒಂದು ಅನ್ನಿಸಿತು. ಅವಳಿಗೆ ಬೇಕಿದ್ದದ್ದು ಕಡಿಮೆ ಓದು ಅಲ್ಲ, ಶುರು ಮಾಡುವ ಜಾಗ ಬೇರೆ ಆಗಬೇಕಿತ್ತು, ಅಷ್ಟೇ.

ಅವಳು ಶುರು ಮಾಡಿದ್ದು ಪಟ್ಟಿಯ ಮೊದಲ ಹೆಸರಿಂದ. ಎಲ್ಲರೂ ಹಾಗೇ ಮಾಡುತ್ತಾರೆ. ಎ ನೋಡಿ ಅದಕ್ಕೆ ಜೋಡಿ ಹುಡುಕುತ್ತಾರೆ. ಆದರೆ ಶ್ರೀನಿವಾಸ್ ಅಂಥವರ ಹೆಸರಿಂದ ಶುರು ಮಾಡಿದರೆ ಕಷ್ಟ, ಅವರು ಹತ್ತು ವಿಷಯ ಬರೆದಿದ್ದಾರೆ, ನಾಲ್ಕರಲ್ಲಿ ಎರಡು ಮೂರು ಅವರಿಗೇ ಹೊಂದುವ ಹಾಗೆ ಕಾಣುತ್ತದೆ. ಬಲಗಡೆ ಪಟ್ಟಿಯಿಂದ ಬರಬೇಕು. ಅದರಲ್ಲೂ ಒಂದೇ ಮನೆ ಇರುವ ಪದದಿಂದ. ನಾನು ಅವರಿಗೆ ಹೇಳುವುದು ಹೀಗೆ: ಯಾವ ಪದಕ್ಕೆ ಬೇರೆ ಯಾರೂ ನಂಟರಿಲ್ಲವೋ ಅದನ್ನು ಮೊದಲು ಮನೆಗೆ ಸೇರಿಸಿ. ಎರಡು ಮೂರು ಮನೆಗೆ ಓಡಾಡುವ ಪದವನ್ನು ಕೊನೆಗೆ ಇಟ್ಟುಕೊಳ್ಳಿ, ಉಳಿದ ಮನೆ ಅದಕ್ಕೆ ತಾನೇ ಸಿಗುತ್ತದೆ.

ಈ ಪ್ರಶ್ನೆಯಲ್ಲೇ ನೋಡಿ. 'ಪ್ರಬಲ ಜಾತಿ' ಒಂದೇ ಮನೆಯ ಪದ. ರಾಂಪುರದ ಪ್ರಬಲ ಜಾತಿಯ ಬಗ್ಗೆ ಶ್ರೀನಿವಾಸ್ 1959ರಲ್ಲಿ ಬರೆದ ಲೇಖನ ಅದರ ವಿಳಾಸ. ಡ್ಯೂಮೊ ಅದನ್ನು ಚರ್ಚೆ ಮಾಡುತ್ತಾರೆ, ಆದರೆ ಶ್ರೀನಿವಾಸ್ ಅವರದ್ದು ಅಂತ ಒಪ್ಪಿಕೊಂಡೇ. ಎ-2 ಖಚಿತ ಆದ ತಕ್ಷಣ ಎರಡನೇ ಮತ್ತು ನಾಲ್ಕನೇ ಆಯ್ಕೆ ಬಿದ್ದುಹೋದವು. ಉಳಿದದ್ದು ಒಂದು ಮತ್ತು ಮೂರು. ಜಾನಪದ–ನಗರ ಸಾತತ್ಯವೂ ಒಂದೇ ಮನೆಯದು, ರೆಡ್‌ಫೀಲ್ಡ್ ಮೆಕ್ಸಿಕೋದ ಯುಕಟಾನ್‌ನಲ್ಲಿ ಹಳ್ಳಿಯಿಂದ ನಗರದವರೆಗೆ ನಾಲ್ಕು ಊರುಗಳನ್ನು ಹೋಲಿಸಿ 1941ರಲ್ಲಿ ಪುಸ್ತಕ ಮಾಡಿದರು. ಸಿ-3 ಅಂದ ಮೇಲೆ ಮೂರನೆಯದೂ ಹೋಯಿತು. ಉತ್ತರ ಸಿಕ್ಕಿತು. ಮ್ಯಾರಿಯಟ್ ಯಾರು ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಶುದ್ಧ–ಅಶುದ್ಧದ ತಂಟೆಗೆ ಹೋಗುವ ಅಗತ್ಯವೇ ಬರಲಿಲ್ಲ.

ಇದರಲ್ಲಿ ಇನ್ನೊಂದು ಸಣ್ಣ ಲೆಕ್ಕ ಇದೆ. ನಾಲ್ಕು ಹೆಸರನ್ನು ನಾಲ್ಕು ಪದಕ್ಕೆ ಜೋಡಿಸಲು 24 ದಾರಿ. ಪತ್ರಿಕೆ ತೋರಿಸುವುದು ಅದರಲ್ಲಿ ನಾಲ್ಕನ್ನು ಮಾತ್ರ. ಪ್ರಶ್ನೆ ಮಾಡುವವರು ಆ ಮೂರು ತಪ್ಪು ಆಯ್ಕೆಗಳನ್ನು ಸುಮ್ನೆ ಹಾಕುವುದಿಲ್ಲ. ಸರಿ ಉತ್ತರದಲ್ಲಿ ಎರಡು ಜೋಡಿಯನ್ನು ಅದಲುಬದಲು ಮಾಡುತ್ತಾರೆ. ಮೇಲಿನ ಎರಡನೇ ಆಯ್ಕೆ ಅಂದರೆ ಎ ಮತ್ತು ಡಿ ಅದಲುಬದಲು, ಮೂರನೆಯದು ಬಿ ಮತ್ತು ಸಿ, ನಾಲ್ಕನೆಯದು ಎ ಮತ್ತು ಬಿ. ಆ ಮೂರು ಅದಲುಬದಲಿಗೂ ಒಂದೊಂದು ಕಾರಣ ಇದೆ, ನಾನೇ ಮಾಡಿದ್ದರಿಂದ ಗೊತ್ತು. ಎ-ಡಿ ಹಾಕಿದ್ದು ಮಡಿ, ಪೊಲೆಯ ಕಾರಣಕ್ಕೆ. ಬಿ-ಸಿ ಹಾಕಿದ್ದು ಮ್ಯಾರಿಯಟ್ ಮತ್ತು ರೆಡ್‌ಫೀಲ್ಡ್ ಇಬ್ಬರೂ ಷಿಕಾಗೊದವರು, ಸಣ್ಣ ಸಂಪ್ರದಾಯ, ದೊಡ್ಡ ಸಂಪ್ರದಾಯ ಅಂತ ಒಂದೇ ಭಾಷೆ ಆಡುವವರು ಅಂತ. ಎ-ಬಿ ಏಕೆ ಅಂದರೆ 1955ರಲ್ಲಿ ಭಾರತದ ಹಳ್ಳಿಗಳ ಬಗ್ಗೆ ಮ್ಯಾರಿಯಟ್ ಸಂಪಾದಿಸಿದ ಪುಸ್ತಕದಲ್ಲಿ ಶ್ರೀನಿವಾಸ್ ಲೇಖನವೂ ಇದೆ, ಮ್ಯಾರಿಯಟ್ ಲೇಖನವೂ ಇದೆ. ನೋಟ್ಸ್ ಮಾಡುವಾಗ ಒಂದೇ ಪುಟದಲ್ಲಿ ಇಬ್ಬರನ್ನೂ ಬರೆದುಕೊಂಡವರು ಪರೀಕ್ಷೆಯಲ್ಲಿ ಹಿಂದೆಮುಂದೆ ಮಾಡುತ್ತಾರೆ. ನಾನು ವಿದ್ಯಾರ್ಥಿಯಾಗಿದ್ದಾಗ ಮಾಡಿದ್ದೆ.

ವಿದ್ಯಾರ್ಥಿಯಾಗಿದ್ದಾಗಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆಗ ನಾನು ಓದಿದ ಒಂದು ಜೆರಾಕ್ಸ್ ನೋಟ್ಸಿನಲ್ಲಿ 'ಪ್ರಬಲ ಜಾತಿ – ಕೊಡಗು' ಅಂತ ಇತ್ತು. ನಮ್ಮೂರಿನ ಹೆಸರು ಕಂಡು ಖುಷಿಯಿಂದ ನೆನಪಿಟ್ಟುಕೊಂಡೆ. ಪರಿಕಲ್ಪನೆಯನ್ನು ಅದರ ಊರಿಗೆ ಹೊಂದಿಸುವ ಪ್ರಶ್ನೆ ಬಂದಾಗ ಅದನ್ನೇ ಹಾಕಿ ಬಂದೆ, ಹೋಯಿತು. ಕೊಡಗಿಗೆ ಸೇರಿದ್ದು ಸಂಸ್ಕೃತೀಕರಣ. ಪ್ರಬಲ ಜಾತಿ ರಾಂಪುರದ್ದು. ಆಮೇಲೆ ಗೊತ್ತಾಯಿತು, ರಾಂಪುರ ಅನ್ನುವುದು ಶ್ರೀನಿವಾಸ್ ಇಟ್ಟ ಹೆಸರು, ಮೈಸೂರಿನ ಹತ್ತಿರದ ಆ ಹಳ್ಳಿಯ ನಿಜವಾದ ಹೆಸರು ಕೊಡಗಹಳ್ಳಿ. ನೋಟ್ಸ್ ಬರೆದವರು ಎಲ್ಲೋ 'ಕೊಡಗಹಳ್ಳಿ' ಅಂತ ನೋಡಿ ಅರ್ಧ ಬರೆದುಕೊಂಡು ಕೊಡಗು ಮಾಡಿರಬೇಕು. ಇದು ನನ್ನ ಊಹೆ ಅಷ್ಟೇ. ಆದರೆ ಈಗಲೂ ಪ್ರತಿ ವರ್ಷ ಒಬ್ಬರಾದರೂ ಇದನ್ನು ಅದಲುಬದಲು ಮಾಡುತ್ತಾರೆ, ಅದೂ ಕೊಡಗಿನ ಮಕ್ಕಳೇ.

ಇದನ್ನು ನೆನಪಿನ ತಂತ್ರದಿಂದ ಸರಿ ಮಾಡಲು ಆಗುವುದಿಲ್ಲ. ಎರಡೂ ಪದಗಳು ಯಾವ ತೊಂದರೆಗೆ ಉತ್ತರವಾಗಿ ಹುಟ್ಟಿದವು ಅಂತ ತಿಳಿದರೆ ಮಾತ್ರ ಬೇರೆ ಬೇರೆ ನಿಲ್ಲುತ್ತವೆ. ಆ ಭಾನುವಾರ ಮಳೆ ಹೇಗೂ ನಿಲ್ಲುವ ಲಕ್ಷಣ ಇರಲಿಲ್ಲ. ಇನ್ನೊಂದು ಸುತ್ತು ಕಾಫಿ ಮಾಡಿಸಿ ಕೊಡಗಿನ ಕಡೆಯಿಂದಲೇ ಶುರು ಮಾಡಿದೆ.

ಅದಕ್ಕೆ ಆ ಹುಡುಗಿಯೇ ದಾರಿ ಮಾಡಿಕೊಟ್ಟಳು. "ಸರ್, ಸಂಸ್ಕೃತೀಕರಣ ಅಂದರೆ ಮಾಂಸ, ಮದ್ಯ ಬಿಟ್ಟು ಮೇಲಿನ ಜಾತಿಯವರ ಹಾಗೆ ಆಗುವುದು ಅಂತ ಪಾಠದಲ್ಲಿದೆ. ನಮ್ಮ ಐನ್‌ಮನೆಯಲ್ಲಿ ಕಾರಣವರಿಗೆ ಕೊಡುವಾಗ ಪಂದಿ ಕರಿ ಇಲ್ಲದಿದ್ದರೆ ಆಗುವುದೇ ಇಲ್ಲ. ಜೊತೆಗೆ ಸಾರಾಯಿ ಬೇಕು. ಮದುವೆಗೆ ಪುರೋಹಿತರೇ ಇಲ್ಲ, ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಈ ಪದ ನಮ್ಮಲ್ಲಿ ಹುಟ್ಟಿತು ಅಂದರೆ ನಂಬುವುದು ಹೇಗೆ?"

ಒಳ್ಳೆಯ ಪ್ರಶ್ನೆ. ಗೈಡ್ ಓದುವವರು ಕೇಳುವ ಪ್ರಶ್ನೆ ಅಲ್ಲ ಇದು.

ಕೊಡವರೆಲ್ಲ ಸಸ್ಯಾಹಾರಿಗಳಾದರು ಅಂತ ಶ್ರೀನಿವಾಸ್ ಎಲ್ಲೂ ಹೇಳುವುದಿಲ್ಲ. ಅವರು ನೋಡಿದ್ದು ಒಂದೇ ಜಾಗದಲ್ಲಿ ಎರಡು ಮೂರು ಪದರ. ಒಕ್ಕ ಎಂಬ ಕುಟುಂಬ, ಅದರ ಮೂಲಮನೆ ಐನ್‌ಮನೆ, ಗತಿಸಿದ ಹಿರಿಯರಾದ ಕಾರಣವರು, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಸುಗ್ಗಿಯ ಹಬ್ಬ ಪುತ್ತರಿ, ಇದೆಲ್ಲ ಇಲ್ಲಿನದು. ಇದರ ಮೇಲೆ ಕಾವೇರಿ ಪುರಾಣ ಬಂದು ಕೂತಿದೆ. ಆ ಕಥೆ ಸ್ಕಂದ ಪುರಾಣಕ್ಕೆ ಸೇರಿದ್ದು ಅಂತ ಹೇಳಿಕೊಳ್ಳುತ್ತದೆ, ಚಂದ್ರವರ್ಮ ಎಂಬ ರಾಜನನ್ನು ತರುತ್ತದೆ, ಕೊಡವರನ್ನು ಕ್ಷತ್ರಿಯ ಮೂಲಕ್ಕೆ ಜೋಡಿಸುತ್ತದೆ. ಜೊತೆಗೆ 1834ರಲ್ಲಿ ಬ್ರಿಟಿಷರು ಬರುವವರೆಗೆ ಇಲ್ಲಿ ಆಳಿದ ಹಾಲೇರಿ ಅರಸರು ಲಿಂಗಾಯತರು, ಅವರ ಪ್ರಭಾವ ಬೇರೆ. ಇನ್ನೊಂದು ಕಡೆ ಅಮ್ಮ ಕೊಡವರು. ಸಂಖ್ಯೆಯಲ್ಲಿ ಸಣ್ಣ ಗುಂಪು. ಮಾಂಸ, ಮದ್ಯ ಬಿಟ್ಟರು, ಜನಿವಾರ ಹಾಕಿಕೊಂಡರು. ಶ್ರೀನಿವಾಸ್‌ಗೆ ಆ ಪದಕ್ಕೆ ಕಣ್ಣೆದುರಿನ ಉದಾಹರಣೆ ಅಂದರೆ ಇವರೇ.

ಅದಕ್ಕಿಂತ ಹಿಂದಿನವರು ಜಾತಿ ಅಂದರೆ ಅಲ್ಲಾಡದ ಕಲ್ಲು ಅಂತ ಬರೆಯುತ್ತಿದ್ದರು. ಹುಟ್ಟಿದ ಜಾಗದಲ್ಲೇ ಇರಬೇಕು, ಅಷ್ಟೇ. ಶ್ರೀನಿವಾಸ್ ಕೊಡಗಿನಲ್ಲಿ ಕಂಡದ್ದಕ್ಕೆ ಆ ಮಾತು ಹೊಂದುತ್ತಿರಲಿಲ್ಲ. ಒಂದು ಕೆಳಜಾತಿ ಒಂದೆರಡು ತಲೆಮಾರಿನಲ್ಲಿ ಊಟ, ಕುಡಿತ, ಆಚರಣೆ, ದೇವರು ಬದಲಾಯಿಸಿಕೊಂಡು ಮೇಲೆ ಹೋಗಲು ಸಾಧ್ಯವಿತ್ತು, ಅದರಲ್ಲೂ ಮಧ್ಯದ ಜಾತಿಗಳಲ್ಲಿ ಈ ಓಡಾಟ ಜಾಸ್ತಿ, ಅಂತ ಅವರು 1952ರ ಪುಸ್ತಕದಲ್ಲಿ ಬರೆದರು. ಮೊದಲು ಇದಕ್ಕೆ 'ಬ್ರಾಹ್ಮಣೀಕರಣ' ಅನ್ನುವ ಪದವೂ ಓಡಾಡುತ್ತಿತ್ತು. ಅದು ಬಿಗಿ ಆಯಿತು. ಹಾಲೇರಿ ಲಿಂಗಾಯತರು ಬ್ರಾಹ್ಮಣರಲ್ಲ. ಕಾವೇರಿ ಪುರಾಣ ಕೊಡವರಿಗೆ ಕೊಡುವುದು ಕ್ಷತ್ರಿಯ ಪಟ್ಟ, ಬ್ರಾಹ್ಮಣ ಪಟ್ಟವಲ್ಲ. ಸಂಸ್ಕೃತೀಕರಣ ಅಂದರೆ ಆ ಎಲ್ಲ ಮಾದರಿಗೂ ಜಾಗ ಇತ್ತು. 1966ರ ಪುಸ್ತಕಕ್ಕೆ ಬರುವಾಗ ವ್ಯಾಖ್ಯೆ ಇನ್ನೂ ಅಗಲ ಆಯಿತು: ಕೆಳಜಾತಿ ಮಾತ್ರ ಅಲ್ಲ, ಬುಡಕಟ್ಟು ಅಥವಾ ಬೇರೆ ಗುಂಪು ಕೂಡ, ಮೇಲ್ಜಾತಿಯ, ಬಹಳ ಸಲ ದ್ವಿಜ ಜಾತಿಯ ಕಡೆಗೆ ತನ್ನ ರೂಢಿ, ಆಚರಣೆ, ನಂಬಿಕೆ, ಬದುಕಿನ ರೀತಿ ಬದಲಾಯಿಸಿಕೊಳ್ಳುವುದು. 1952ರ ಮಾತು ಯಾವುದು, 1966ರ ಮಾತು ಯಾವುದು ಅಂತ ಹೇಳಿಕೆ ಕೊಟ್ಟು ಕೇಳಿದಾಗ 'ಬುಡಕಟ್ಟು' ಅನ್ನುವ ಪದ ಕಂಡರೆ ಎರಡನೆಯದು ಅಂತ ಗುರುತು ಹಿಡಿಯಬಹುದು.

ಇಷ್ಟು ಆದ ಮೇಲೆ ಒಂದು ಎಚ್ಚರಿಕೆ. ಸಂಸ್ಕೃತೀಕರಣದಿಂದ ಬದಲಾಗುವುದು ಆ ಜಾತಿ ಕೂತ ಜಾಗ, ಮೆಟ್ಟಿಲು ಅಲ್ಲ. ಒಂದು ಜಾತಿ ಮೇಲೆ ಹೋದರೂ ಮೆಟ್ಟಿಲು ಹಾಗೇ ಇರುತ್ತದೆ. ಇದನ್ನು ಶ್ರೀನಿವಾಸ್ ಅವರೇ ಹೇಳಿದ್ದಾರೆ, ಸ್ಥಾನದ ಬದಲಾವಣೆ, ರಚನೆಯ ಬದಲಾವಣೆಯಲ್ಲ. ಪತ್ರಿಕೆಯಲ್ಲಿ 'ರಚನಾತ್ಮಕ ಬದಲಾವಣೆ' ಅಂತ ಎದುರಿಗೆ ಶ್ರೀನಿವಾಸ್ ಹೆಸರು ಹಾಕಿ ಮೋಸ ಮಾಡುವುದು ಇಲ್ಲೇ.

ಪ್ರಬಲ ಜಾತಿ ಬೇರೆ ತೊಂದರೆಯಿಂದ ಬಂದದ್ದು. 1948ರಲ್ಲಿ ರಾಂಪುರಕ್ಕೆ ಹೋದಾಗ ಶ್ರೀನಿವಾಸ್ ಕಂಡದ್ದು ಇದು: ಊರಿನಲ್ಲಿ ಆಚರಣೆಯ ಲೆಕ್ಕದಲ್ಲಿ ಮೇಲೆ ಇರುವವರು ಬ್ರಾಹ್ಮಣರು, ಆದರೆ ಮಾತು ನಡೆಯುವುದು ಒಕ್ಕಲಿಗರದ್ದು. ಜನ ಜಾಸ್ತಿ, ಜಮೀನು ಜಾಸ್ತಿ, ರಾಜಕೀಯ ಬಲ ಇದೆ, ಆಚರಣೆಯ ಶ್ರೇಣಿಯಲ್ಲೂ ತೀರಾ ಕೆಳಗಿಲ್ಲ. ಆಮೇಲೆ ಇದಕ್ಕೆ ಆಧುನಿಕ ಓದು ಮತ್ತು ನೌಕರಿ ಕೂಡ ಸೇರಿತು. ಅಂದರೆ ಶುದ್ಧ–ಅಶುದ್ಧದ ಏಣಿ ಒಂದು, ಊರಿನ ಅಧಿಕಾರದ ಏಣಿ ಇನ್ನೊಂದು, ಎರಡೂ ಒಂದೇ ಅಲ್ಲ ಅನ್ನುವುದಕ್ಕೆ ಹುಟ್ಟಿದ ಪದ ಇದು. ಈಗ ಮೇಲಿನ ಪ್ರಶ್ನೆಗೆ ಹಿಂದೆ ಹೋಗಿ ನೋಡಿ. ಡ್ಯೂಮೊ ಎದುರಿಗೆ ಪ್ರಬಲ ಜಾತಿ ಹಾಕುವುದು ಎಷ್ಟು ದೊಡ್ಡ ತಪ್ಪು ಅಂತ ತಿಳಿಯುತ್ತದೆ. ಅವರ ಲೆಕ್ಕದಲ್ಲಿ ಅಧಿಕಾರ ಯಾವಾಗಲೂ ಶುದ್ಧತೆಯ ಕೆಳಗೆ ನಿಲ್ಲಬೇಕಾದದ್ದು.

ಸೋಮವಾರಪೇಟೆಯ ಹುಡುಗ ಅಲ್ಲೇ ಕೇಳಿದ: "ಹಾಗಾದರೆ ಕೊಡಗಿನಲ್ಲಿ ಪ್ರಬಲ ಜಾತಿ ಯಾರು ಸರ್?" ಎಲ್ಲರೂ ನಕ್ಕರು. ಜಗಲಿಯಲ್ಲಿ ಕೊಡವರೂ ಇದ್ದರು, ಅರೆಭಾಷೆ ಗೌಡರೂ ಇದ್ದರು. ನಾನು ಅಷ್ಟಕ್ಕೇ ಬಿಡಲಿಲ್ಲ, ಒಂದೊಂದೇ ಅಳತೆ ಹಿಡಿಯಿರಿ ಅಂದೆ. ತೋಟ, ಗದ್ದೆ, ಓದು, ಸೈನ್ಯದ ಕೆಲಸ ಅಂತ ನೋಡಿದರೆ ಒಂದು ಉತ್ತರ. ತಲೆ ಎಣಿಸಿದರೆ ಬೇರೆ. ಶ್ರೀನಿವಾಸ್ ಕೊಟ್ಟ ಅಳತೆಗಳು ಒಂದೇ ಜಾತಿಯಲ್ಲಿ ಸೇರದೆ ಹೋದರೆ ಏನು ಮಾಡಬೇಕು ಅನ್ನುವುದು ಆ ಪದದ ಮೇಲಿರುವ ಹಳೆಯ ಆಕ್ಷೇಪಗಳಲ್ಲಿ ಒಂದು. ಊರಿನ ಮಟ್ಟದಲ್ಲಿ ಮಾಡಿದ ಅಳತೆಯನ್ನು ಜಿಲ್ಲೆಗೆ ಎಳೆದಾಗ ಹೀಗೇ ಆಗುತ್ತದೆ. ಹುಡುಗ ಉತ್ತರ ಬರೆದುಕೊಳ್ಳಲಿಲ್ಲ, ಏಕೆಂದರೆ ಇದು ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಬರುವುದಿಲ್ಲ ಅಂತ ಅವನಿಗೆ ಗೊತ್ತು.

ಎರಡು ಮನೆಯ ಪದಗಳ ಕಡೆ ಬಂದರೆ ರಾಜ್ಯಶಾಸ್ತ್ರದವರು ಕಿವಿ ನೆಟ್ಟಗೆ ಮಾಡುತ್ತಾರೆ. ಅಲ್ಲಿ ಇದು ಜಾಸ್ತಿ. 'ಸಿಂಹ ಮತ್ತು ನರಿ' ತೆಗೆದುಕೊಳ್ಳಿ. ಅರಸನಿಗೆ ಸಿಂಹದ ಬಲವೂ ನರಿಯ ಜಾಣತನವೂ ಬೇಕು ಅಂದದ್ದು ಮೆಕಿಯವೆಲ್ಲಿ. ಆ ಮಾತನ್ನು ಅಲ್ಲಿಂದಲೇ ತೆಗೆದುಕೊಂಡು, ಬಲದಿಂದ ಆಳುವ ಗಣ್ಯರು ಸಿಂಹಗಳು, ಉಪಾಯದಿಂದ ಆಳುವವರು ನರಿಗಳು, ಒಬ್ಬರು ಹೋಗಿ ಒಬ್ಬರು ಬರುತ್ತಾರೆ ಅಂದದ್ದು ಪರೇಟೊ. ಇಬ್ಬರ ಹೆಸರೂ ಪಟ್ಟಿಯಲ್ಲಿದ್ದರೆ ಏನು ಮಾಡುವುದು? ಆ ಪದವನ್ನು ಬಿಟ್ಟು ಪಕ್ಕದ್ದನ್ನು ನೋಡಬೇಕು. 'ಗಣ್ಯರ ಚಲಾವಣೆ' ಇದ್ದರೆ ಅದು ಪರೇಟೊಗೆ ಮಾತ್ರ ಹೋಗುವುದು, ಹಾಗಾಗಿ ಸಿಂಹ, ನರಿ ಮೆಕಿಯವೆಲ್ಲಿಗೆ ಉಳಿಯುತ್ತವೆ. ಅದೇ ಜಾಗದಲ್ಲಿ ಮೆಕಿಯವೆಲ್ಲಿಯ 'ವಿರ್ತೂ' ಮತ್ತು 'ಫೋರ್ಟುನಾ' ಇದ್ದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ, ಪ್ರಾಣಿಗಳೆರಡೂ ಪರೇಟೊ ಮನೆಗೆ ಹೋಗುತ್ತವೆ.

ಸಮಾಜಶಾಸ್ತ್ರದಲ್ಲಿ ಇದರ ಜೋಡಿ 'ಅನೋಮಿ'. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಎರಡು ಸಲ ಪೆಟ್ಟು. ಒಂದು, ಡರ್ಕ್‌ಹೈಮ್‌ಗೂ ಮರ್ಟನ್‌ಗೂ ಅದು ಸೇರಿದ್ದು. ಡರ್ಕ್‌ಹೈಮ್ 1893ರ ಶ್ರಮ ವಿಭಜನೆಯ ಪುಸ್ತಕದಲ್ಲಿ, ಆಮೇಲೆ 1897ರ ಆತ್ಮಹತ್ಯೆಯ ಅಧ್ಯಯನದಲ್ಲಿ ಬಳಸಿದರು. ಅವರ ಪ್ರಕಾರ ಬದಲಾವಣೆ ಏಕಾಏಕಿ ಬಂದು ಹಿಡಿತದಲ್ಲಿಡುವ ನಿಯಮಗಳು ಸಡಿಲವಾದಾಗ ಆಸೆಗೆ ಮಿತಿ ಇಲ್ಲದ ಹಾಗಾಗುತ್ತದೆ. ನಷ್ಟದಲ್ಲಿ ಮಾತ್ರ ಅಲ್ಲ, ಲಾಭದಲ್ಲೂ. ಕಾಫಿ ರೇಟು ಒಂದೇ ವರ್ಷದಲ್ಲಿ ಎರಡು ಪಟ್ಟು ಆಯಿತು ಅಂದುಕೊಳ್ಳಿ, ಎಷ್ಟು ಸಾಕು ಅನ್ನುವುದೇ ಮರೆತುಹೋಗುತ್ತದೆ. ಅದು ಡರ್ಕ್‌ಹೈಮ್ ಅನೋಮಿ. ಮರ್ಟನ್ 1938ರಲ್ಲಿ ಅದೇ ಪದವನ್ನು ಬೇರೆ ಕಡೆ ತಿರುಗಿಸಿದರು. ಸಮಾಜ ಒಂದು ಗುರಿ ತೋರಿಸುತ್ತದೆ, ಅಲ್ಲಿಗೆ ಹೋಗುವ ದಾರಿಯನ್ನು ಎಲ್ಲರಿಗೂ ಕೊಡುವುದಿಲ್ಲ. ಆ ಅಂತರ ಮರ್ಟನ್ ಅನೋಮಿ. ಖಾಯಂ ನೌಕರಿಯೇ ಮರ್ಯಾದೆ ಅಂತ ಹೇಳಿ, ವರ್ಷಗಟ್ಟಲೆ ನೇಮಕಾತಿ ಮಾಡದೆ ಕೂರಿಸುವುದು. ನನ್ನ ಜಗಲಿಯಲ್ಲಿ ಕೂತವರಿಗೆ ಈ ಉದಾಹರಣೆ ಬೇಗ ಹತ್ತಿತು.

ಪಟ್ಟಿಯಲ್ಲಿ ಇಬ್ಬರೂ ಇದ್ದರೆ ದಾರಿ ಅದೇ. ಪಕ್ಕದಲ್ಲಿ 'ಸಾಮಾಜಿಕ ಸಂಗತಿ' ಇದ್ದರೆ ಅದು ಡರ್ಕ್‌ಹೈಮ್‌ಗೆ ಹೋಗಲೇಬೇಕು, ಅನೋಮಿ ಮರ್ಟನ್‌ಗೆ. 'ಮಧ್ಯಮ ವ್ಯಾಪ್ತಿಯ ಸಿದ್ಧಾಂತ' ಇದ್ದರೆ ಅದು ಮರ್ಟನ್‌ಗೆ, ಅನೋಮಿ ಡರ್ಕ್‌ಹೈಮ್‌ಗೆ.

ಎರಡನೇ ಪೆಟ್ಟು ಅನುವಾದದ್ದು. ಅನೋಮಿಗೆ ಒಂದು ಪುಸ್ತಕದಲ್ಲಿ 'ನಿಯಮರಾಹಿತ್ಯ', ಇನ್ನೊಂದರಲ್ಲಿ 'ಅಪ್ರತಿಮಾನತೆ'. ಮಾರ್ಕ್ಸ್‌ನ ಏಲಿಯನೇಷನ್‌ಗೆ 'ಪರಕೀಯತೆ', 'ಅನ್ಯೀಕರಣ', 'ಪರಾಯೀಕರಣ'. ಮ್ಯಾರಿಯಟ್‌ನ ಪೆರೋಕಿಯಲೈಸೇಷನ್‌ಗಂತೂ ನಾನು ಒಪ್ಪುವ ಪದ ಇನ್ನೂ ಸಿಕ್ಕಿಲ್ಲ, 'ಸಂಕುಚಿತೀಕರಣ' ಅಂದರೆ ಬೈದ ಹಾಗೆ ಕೇಳುತ್ತದೆ. ಅದಕ್ಕೇ ನನ್ನ ಪತ್ರಿಕೆಯಲ್ಲಿ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಹಾಕುತ್ತೇನೆ. ಎರಡೂ ಭಾಷೆ ಇರುವ ಪತ್ರಿಕೆಯಲ್ಲಿ ಕನ್ನಡ ಪದ ಅನುಮಾನ ತಂದರೆ ಎದುರಿನ ಇಂಗ್ಲಿಷ್ ಕಡೆ ಒಮ್ಮೆ ಕಣ್ಣು ಹಾಯಿಸಿ ಬನ್ನಿ ಅಂತ ಹೇಳುತ್ತೇನೆ. ಎರಡು ಪತ್ರಿಕೆ ಸೇರಿ 150 ಪ್ರಶ್ನೆ, ಮೂರು ಗಂಟೆ. ಒಂದಕ್ಕೆ ಒಂದು ನಿಮಿಷ ಚಿಲ್ಲರೆ. ಹೊಂದಿಸಿ ಬರೆಯುವುದು ಅದಕ್ಕಿಂತ ಜಾಸ್ತಿ ತಿನ್ನುತ್ತದೆ, ಹಾಗಾಗಿ ಅವನ್ನು ಕೊನೆಗೆ ಇಟ್ಟುಕೊಳ್ಳುವವರೂ ಇದ್ದಾರೆ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಖಾಲಿ ಮಾತ್ರ ಬಿಡಬಾರದು.

ಈ ಒಂದೇ ಮನೆಯ ಸೂತ್ರ ಎಲ್ಲ ಕಡೆ ಕೈ ಹಿಡಿಯುತ್ತದೆಯಾ ಅಂದರೆ ಇಲ್ಲ. ಪಟ್ಟಿಯಲ್ಲಿರುವ ನಾಲ್ಕೂ ಪದಗಳು ಎರಡು ಮನೆಯವಾದರೆ ಅದು ನಿಲ್ಲುವುದಿಲ್ಲ. ಇನ್ನೊಂದು, ಪದವನ್ನು ಮೊದಲು ಆಡಿದವರು ಯಾರು, ಅದಕ್ಕೆ ಬೆಲೆ ತಂದವರು ಯಾರು ಅನ್ನುವ ಗೊಂದಲ. ಅನೋಮಿ ಪದವನ್ನು ಡರ್ಕ್‌ಹೈಮ್‌ಗಿಂತ ಮೊದಲು 1885ರಲ್ಲಿ ಗೂಯೋ ಎಂಬ ಫ್ರೆಂಚ್ ತತ್ವಜ್ಞಾನಿ ಬಳಸಿದ್ದರು, ಅದೂ ಒಳ್ಳೆಯ ಅರ್ಥದಲ್ಲಿ. ಪರೀಕ್ಷೆಯಲ್ಲಿ ಗೂಯೋ ಹೆಸರು ಯಾರೂ ನಿರೀಕ್ಷಿಸುವುದಿಲ್ಲ. ಪ್ರಶ್ನೆಯಲ್ಲಿ 'ಮೊದಲು ಬಳಸಿದವರು' ಅಂತ ಇದೆಯಾ, 'ಪ್ರತಿಪಾದಿಸಿದವರು' ಅಂತ ಇದೆಯಾ ಅಂತ ನೋಡದೆ ಹೋದರೆ ಅಲ್ಲಿಗೆ ಮುಗಿಯಿತು. ಕೀ ಉತ್ತರ ಬಂದ ಮೇಲೆ ಆಕ್ಷೇಪಣೆಗೆ ಅವಕಾಶ ಇರುತ್ತದೆ, ದಾಖಲೆ ಬೇಕು. ಮೂಲ ಪುಸ್ತಕದ ಪುಟ ಇದ್ದರೆ ಮಾತು ನಿಲ್ಲುತ್ತದೆ, ಗೈಡ್ ಪುಟ ನಿಲ್ಲುವುದಿಲ್ಲ. ಪೂರ್ತಿ ಓದಿದವರಿಗೆ ಲಾಭ ಸಿಗುವ ಜಾಗ ಕೊನೆಗೂ ಇದೊಂದು ಇದೆ.

ಹಾಗೆ ಎರಡು ವಿಷಯದ ನಡುವೆ ಓಡಾಡುವ ಇನ್ನೊಂದು ಪದ 'ವೋಟ್ ಬ್ಯಾಂಕ್'. ರಾಜ್ಯಶಾಸ್ತ್ರದ ಹುಡುಗ ಅದನ್ನು ಯಾವುದೋ ಪತ್ರಕರ್ತರು ಹುಟ್ಟಿಸಿದ್ದು ಅಂತ ನಂಬಿದ್ದ. ಅದೂ ಶ್ರೀನಿವಾಸ್ ಅವರದ್ದೇ, ಮೈಸೂರಿನ ಹಳ್ಳಿಯ ಬಗ್ಗೆ ಅವರು ಬರೆದ 1955ರ ಆ ಲೇಖನದ್ದು, ಮ್ಯಾರಿಯಟ್ ಸಂಪಾದಿಸಿದ ಅದೇ ಪುಸ್ತಕ. ಅಲ್ಲಿ ಅದರ ಅರ್ಥ ಇವತ್ತಿನ ಹಾಗೆ ಒಂದು ಇಡೀ ಜಾತಿ ಅಥವಾ ಧರ್ಮ ಅಂತಲ್ಲ. ಊರಿನ ಯಜಮಾನನಿಗೆ ಅವನ ಹಂಗಿನಲ್ಲಿರುವವರ ಓಟು ಕೈಯಲ್ಲಿರುವುದು, ಅಷ್ಟು.

ಸಂಜೆ ನಾಲ್ಕೂವರೆಗೆ ಮಳೆ ಸ್ವಲ್ಪ ತಗ್ಗಿತು. ಗೋಣಿಕೊಪ್ಪದ ಬಸ್ಸಿಗೆ ಹೋಗುವವರು ಎದ್ದರು. ಹುಡುಗಿ ಮಾತ್ರ ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಎತ್ತಿದಳು. ಕಾವೇರಿ ಸಂಕ್ರಮಣದ ದಿನ ಅವರ ಮನೆಯಲ್ಲಿ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ ಕಾವೇರಿ ಅಂತ ಪೂಜೆ ಮಾಡುತ್ತಾರೆ. ಅವತ್ತು ಮಾಂಸ ಇಲ್ಲ, ದೋಸೆ, ಕುಂಬಳಕಾಯಿ ಪಲ್ಯ. ಕೈಲ್‌ಪೊಳ್ದ್ ದಿನ ಪಂದಿ ಕರಿ ಇಲ್ಲದೆ ಆಗುವುದಿಲ್ಲ. ಒಂದೇ ಮನೆ, ಒಂದೂವರೆ ತಿಂಗಳೊಳಗೆ ಎರಡೂ. "ಇದು ಸಂಸ್ಕೃತೀಕರಣವಾ, ಮ್ಯಾರಿಯಟ್ ಅವರ ಪೆರೋಕಿಯಲೈಸೇಷನ್ನಾ ಸರ್?"

ಮ್ಯಾರಿಯಟ್ ಉತ್ತರ ಪ್ರದೇಶದ ಕಿಶನ್‌ಗಢಿ ಎಂಬ ಹಳ್ಳಿಯಲ್ಲಿ ನೋಡಿದ್ದು ಹೀಗಿದೆ. ನವರಾತ್ರಿ ಅನ್ನುವ ಪದ ಹಳ್ಳಿಯ ಬಾಯಲ್ಲಿ ನೌರ್ಥಾ ಆಗಿ, ಕೊನೆಗೆ ನೌರ್ಥಾ ಅನ್ನುವ ಒಬ್ಬ ದೇವತೆಯೇ ಹುಟ್ಟಿದಳು. ಮಕ್ಕಳು ಗೋಡೆಗೆ ಅವಳ ಮಣ್ಣಿನ ರೂಪ ಅಂಟಿಸಿ ಪೂಜೆ ಮಾಡುತ್ತಾರೆ. ದೊಡ್ಡ ಸಂಪ್ರದಾಯದ ಒಂದು ತುಂಡು ಕೆಳಗೆ ಇಳಿದು ಊರಿನದಾಗುವುದು. ಇದರಲ್ಲಿ ಚಲಿಸುವುದು ದೇವರು, ಹಬ್ಬ, ಕಥೆ. ಸಂಸ್ಕೃತೀಕರಣದಲ್ಲಿ ಚಲಿಸುವುದು ಒಂದು ಗುಂಪು, ತನ್ನ ಸ್ಥಾನಕ್ಕಾಗಿ. ಸೌತೆಕಾಯಿ ಕಾವೇರಿ ಯಾವ ಕಡೆ? ನದಿಯ ತಾಯಿಯ ನಂಬಿಕೆ ಇಲ್ಲಿಂದ ಪುರಾಣಕ್ಕೆ ಹತ್ತಿದ್ದಾ, ಪುರಾಣದ ಕಾವೇರಿ ಅಡುಗೆಮನೆಯ ಸೌತೆಕಾಯಿಗೆ ಇಳಿದದ್ದಾ? ಹತ್ತಿದರೆ ಅದಕ್ಕೆ ಮ್ಯಾರಿಯಟ್ ಇಟ್ಟ ಹೆಸರು ಯೂನಿವರ್ಸಲೈಸೇಷನ್. ಅವತ್ತು ಮಾಂಸ ಬಿಡುವುದನ್ನು ಶ್ರೀನಿವಾಸ್ ಕಡೆ ಹಾಕಬಹುದು, ಆದರೆ ಒಂದು ದಿನ ಬಿಟ್ಟ ಮಾತ್ರಕ್ಕೆ ಆ ಮನೆಯ ಸ್ಥಾನ ಬದಲಾಗುವುದಿಲ್ಲ.

ಮುಂದಿನ ಭಾನುವಾರಕ್ಕೆ ಇದನ್ನೇ ಒಂದು ಪ್ರಶ್ನೆ ಮಾಡೋಣ ಅಂತ ರಾತ್ರಿ ಕೂತೆ. ಕರೆಂಟ್ ಬಂದಿತ್ತು. ಎಡಗಡೆ ಮೂರು ಪ್ರಕ್ರಿಯೆ ಬರೆದೆ, ಬಲಗಡೆ ಮೂರು ಉದಾಹರಣೆ. ಮೊದಲನೆಯದು ಅಮ್ಮ ಕೊಡವರ ಜನಿವಾರ, ಅದು ಒಂದೇ ಮನೆಯದು, ಎರಡನೆಯದು ನೌರ್ಥಾ, ಅದೂ ಹಾಗೆಯೇ. ಮೂರನೆಯದಕ್ಕೆ ಸೌತೆಕಾಯಿ ಹಾಕಿದೆ, ಹೊಡೆದು ಹಾಕಿದೆ, ಮತ್ತೆ ಹಾಕಿದೆ. ಯಾವ ಆಯ್ಕೆ ಬರೆದರೂ ಸ್ವಲ್ಪ ಸರಿ ಅನ್ನಿಸುತ್ತಿತ್ತು. ಹಾಳೆ ಈಗಲೂ ಮೇಜಿನ ಮೇಲೆ ಇದೆ, ನಾಲ್ಕನೇ ಆಯ್ಕೆಯ ಜಾಗ ಖಾಲಿ. ಶನಿವಾರ ಸಂಜೆಯೊಳಗೆ ಜೆರಾಕ್ಸ್ ಅಂಗಡಿಗೆ ಕೊಡಬೇಕು.